ಅಡಿಕೆ ಕೊಳೆರೋಗದ ಪ್ರಾಜೆಕ್ಟ್: ಎಕ್ಸಾಮಿನರ್ ಕಣ್ಣು ಯಾವ ಪುಟದಲ್ಲಿ ನಿಲ್ಲುತ್ತದೆ?

ಪ್ರಶ್ನೆ: ಸರ್, ನಮ್ಮದು ನಾಲ್ವರ ತಂಡ. ಅಡಿಕೆಗೊನೆಯ ಫೋಟೊ ನೋಡಿ ಕೊಳೆರೋಗ ಗುರುತಿಸುವ ಪ್ರಾಜೆಕ್ಟ್. ವರದಿ ಕಾಲೇಜಿನ ಪೋರ್ಟಲ್‌ಗೆ ಅಪ್‌ಲೋಡ್ ಆಗಿದೆ, ಇನ್ನು ತಿದ್ದಲಿಕ್ಕೆ ಆಗುವುದಿಲ್ಲ. ಅದರ ಪಿಡಿಎಫ್ ನಿಮಗೂ ಕಳಿಸಿದ್ದೇನೆ. ವೈವಾದಲ್ಲಿ ಏನೆಲ್ಲ ಕೇಳಬಹುದು? ಹೇಗೆ ಉತ್ತರಿಸಬೇಕು?
— ಅಂತಿಮ ವರ್ಷದ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ‘ಸಿಎನ್‌ಎನ್ ಎಂದರೇನು, ಪೂಲಿಂಗ್ ಎಂದರೇನು’ ಎಂಬ ರೆಡಿಮೇಡ್ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ವರದಿಯ ಪ್ರಿಂಟ್ ತೆಗೆದು, ಅದರಲ್ಲಿರುವ ಪ್ರತಿ ಅಂಕಿಗೂ, ‘ನಾವು ಇದನ್ನು ಬಳಸಿದೆವು’ ಎಂದು ಬರೆದಿರುವ ಪ್ರತಿ ಕಡೆಗೂ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಒಂದೊಂದಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದು ಎಲ್ಲಿಂದ ಬಂತು? ಇದೇ ಯಾಕೆ? ಬೇರೆಯದಾಗಿದ್ದರೆ ಏನಾಗುತ್ತಿತ್ತು? ವೈವಾದ ಮುಕ್ಕಾಲು ಪಾಲು ಪ್ರಶ್ನೆಗಳು ಅಲ್ಲೇ ಸಿಗುತ್ತವೆ.

ನಿಮ್ಮ ವರದಿಯಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಡೇಟಾಸೆಟ್ ಪುಟದಲ್ಲಿ. 600 ಫೋಟೊಗಳನ್ನು ತಿರುಗಿಸಿ, ಮಗುಚಿ, ಬೆಳಕು ಹೆಚ್ಚುಕಡಿಮೆ ಮಾಡಿ 2,400 ಮಾಡಿದ್ದೀರಿ. ಆಮೇಲೆ 80:20ರಂತೆ ಟ್ರೈನಿಂಗ್‌ಗೆ 1,920, ಟೆಸ್ಟಿಂಗ್‌ಗೆ 480 ಎಂದು ಹಂಚಿದ್ದೀರಿ. ಈ ಅನುಕ್ರಮವೇ ತೊಂದರೆ. ಒಂದು ಗೊನೆಯ ಮೂಲ ಫೋಟೊ ಟ್ರೈನಿಂಗ್‌ನಲ್ಲಿ, ಅದನ್ನೇ ತುಸು ತಿರುಗಿಸಿದ್ದು ಟೆಸ್ಟ್‌ನಲ್ಲಿ ಕೂತಿರುತ್ತದೆ. ಹಾಗಾಗಿ ನಿಮ್ಮ 96.25% ಅಕ್ಯುರೆಸಿಯಲ್ಲಿ ಮಾಡೆಲ್ ರೋಗ ಗುರುತಿಸಿದ್ದೆಷ್ಟು, ಕಂಡ ಫೋಟೊವನ್ನೇ ಮತ್ತೆ ಗುರುತಿಸಿದ್ದೆಷ್ಟು ಎಂದು ಹೇಳಲಾಗದು. ಅನುಭವಿ ಎಕ್ಸಾಮಿನರ್ ಮೊದಲು ಹಿಡಿಯುವುದು ಇದನ್ನೇ.

ವರದಿ ತಿದ್ದಲಾಗದಿದ್ದರೂ ಪ್ರಯೋಗವನ್ನು ಮತ್ತೆ ಮಾಡಬಹುದು. ಮೊದಲು 600 ಮೂಲ ಫೋಟೊಗಳನ್ನೇ 480 ಮತ್ತು 120 ಎಂದು ಹಂಚಿ. ಒಂದೇ ಗೊನೆಯನ್ನು ನಾಲ್ಕಾರು ಕೋನಗಳಿಂದ ತೆಗೆದಿದ್ದರೆ ಅವೆಲ್ಲ ಒಂದೇ ಕಡೆ ಇರಲಿ. ಹೆಚ್ಚುವರಿ ಪ್ರತಿಗಳನ್ನು ಟ್ರೈನಿಂಗ್‌ನ 480ಕ್ಕೆ ಮಾತ್ರ ಮಾಡಿ. ಅಕ್ಯುರೆಸಿ ಇಳಿಯಬಹುದು, ಇಳಿಯಲಿ. ಹೊಸ ಫಲಿತಾಂಶವನ್ನು ಮೊದಲು ಗೈಡ್‌ಗೆ ತೋರಿಸಿ, ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ಒಯ್ಯಿರಿ. ಉತ್ತರ ಹೀಗಿರಲಿ: ‘ವರದಿಯಲ್ಲಿ ಆಗ್ಮೆಂಟೇಶನ್ ಆದ ಮೇಲೆ ಹಂಚಿದ್ದೇವೆ ಸರ್, ಅದರಿಂದ ಟೆಸ್ಟ್ ಫಲಿತಾಂಶ ಉಬ್ಬಿದೆ. ಮೊದಲು ಹಂಚಿ ಮತ್ತೆ ನಡೆಸಿದಾಗ ಬಂದದ್ದು ಇದು.’ ಇಷ್ಟು ಹೇಳಿ ಹಾಳೆ ಮುಂದಿಡಿ. ಸಮರ್ಥಿಸಿಕೊಳ್ಳಲು ಹೋದರೆ ಮುಂದಿನ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ.

ಎರಡನೆಯದು ಕನ್‌ಫ್ಯೂಶನ್ ಮ್ಯಾಟ್ರಿಕ್ಸ್. ನಿಮ್ಮ 480ರಲ್ಲಿ ಆರೋಗ್ಯವಂತ ಗೊನೆ 360, ರೋಗದ್ದು 120. ಮಾಡೆಲ್ ಏನನ್ನೂ ನೋಡದೆ ಎಲ್ಲಕ್ಕೂ ‘ರೋಗವಿಲ್ಲ’ ಎಂದರೂ 75% ಅಕ್ಯುರೆಸಿ ಬಂದುಬಿಡುತ್ತದೆ. ಆದ್ದರಿಂದ ‘ಬರೀ ಅಕ್ಯುರೆಸಿ ಸಾಕೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಿಮ್ಮ ಮ್ಯಾಟ್ರಿಕ್ಸ್ ಪ್ರಕಾರ ರೋಗದ 120ರಲ್ಲಿ 108 ಹಿಡಿದಿದ್ದೀರಿ, 12 ತಪ್ಪಿದೆ. ಆರೋಗ್ಯವಂತ ಗೊನೆ 6ಕ್ಕೆ ರೋಗವೆಂದಿದ್ದೀರಿ. ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಲು ಬರಬೇಕು:

```
Recall    = 108 / (108 + 12) = 90%
Precision = 108 / (108 + 6)  = 94.7%
```

ಬಹಳ ಮಂದಿ ಸೂತ್ರ ಹೇಳಿ ನಿಲ್ಲಿಸುತ್ತಾರೆ. ನೀವು ಅದನ್ನು ತೋಟಕ್ಕೆ ತನ್ನಿ: ‘ಸುಳ್ಳು ಎಚ್ಚರಿಕೆಯಿಂದ ಒಂದು ಗೊನೆಗೆ ಔಷಧಿ ದಂಡವಾಗಬಹುದು, ಆದರೆ ಬಿಟ್ಟುಹೋದ ಗೊನೆಯಿಂದ ಮಳೆಯಲ್ಲಿ ರೋಗ ಪಕ್ಕದ ಮರಗಳಿಗೆ ಹರಡುತ್ತದೆ. ಆದ್ದರಿಂದ ನಮಗೆ ರೀಕಾಲ್ ಮುಖ್ಯ. ತ್ರೆಶೋಲ್ಡನ್ನು 0.5ರಿಂದ ಇಳಿಸಿದರೆ ಅದು ಏರುತ್ತದೆ, ಪ್ರಿಸಿಶನ್ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.’

ಮೊಬೈಲ್‌ನೆಟ್ ವಿ2 ಯಾಕೆ ಎಂಬುದಕ್ಕೆ ಉತ್ತರ ಚಿಕ್ಕದು. ಅದರಲ್ಲಿ ಸುಮಾರು 35 ಲಕ್ಷ ಪ್ಯಾರಾಮೀಟರ್, ವಿಜಿಜಿ16ರಲ್ಲಿ ಸುಮಾರು 13.8 ಕೋಟಿ, ನಿಮ್ಮ ಆ್ಯಪ್ ಓಡಬೇಕಾದದ್ದು ಫೋನಿನಲ್ಲಿ.

ನಾಲ್ವರೂ ತಯಾರಾಗದೇ ಹೋಗುವುದು ಅಡಿಕೆಯ ವಿಷಯದಲ್ಲಿ. ನಮ್ಮ ಜಿಲ್ಲೆಯ ಎಕ್ಸಾಮಿನರ್‌ಗಳಲ್ಲಿ ಅಡಿಕೆ ತೋಟ ಬಲ್ಲವರು ಕಡಿಮೆಯಲ್ಲ. ‘ಕೊಳೆರೋಗ ಎಲೆಯಲ್ಲಿ ಕಾಣುತ್ತದೆಯೇ?’ ಎಂದು ಕೇಳಿದರೆ ತಡವರಿಸಬೇಡಿ. ಮುಖ್ಯವಾಗಿ ಕಾಯಿಯಲ್ಲಿ, ತೊಟ್ಟಿನ ಕಡೆಯಿಂದ, ನೀರಿನಲ್ಲಿ ನೆನೆದಂಥ ಕಡುಹಸಿರು ಮಚ್ಚೆಯಾಗಿ ಶುರುವಾಗುತ್ತದೆ. ಫೈಟಾಫ್ಥೊರಾ ಎಂಬ ಶಿಲೀಂಧ್ರದಂಥ ರೋಗಾಣು ಇದಕ್ಕೆ ಕಾರಣ. ಎಲೆಚುಕ್ಕಿ ರೋಗವೇ ಬೇರೆ. ಮರದ ತುದಿಯ ಗೊನೆಯ ಫೋಟೊ ತೆಗೆದದ್ದು ನೆಲದಿಂದ ಜೂಮ್ ಮಾಡಿಯೋ, ಇಳಿಸಿದ ಗೊನೆಯದ್ದೋ ಎಂದೂ ಕೇಳಬಹುದು. ಇದು ವರದಿಯಲ್ಲಿ ಇಲ್ಲವೇ ಇಲ್ಲ, ನಾಲ್ವರೂ ಒಂದೇ ಉತ್ತರ ಹೇಳಬೇಕು.

ಇದರ ಬೆನ್ನಿಗೇ ಬರುವ ಪ್ರಶ್ನೆ ಗಟ್ಟಿಯಾದದ್ದು: ‘ಶೇ 1ರ ಬೋರ್ಡೊ ದ್ರಾವಣವನ್ನು ಮಳೆಗೆ ಮುಂಚೆಯೇ ಹೊಡೆಯುತ್ತಾರೆ. ಮಚ್ಚೆ ಕಂಡ ಮೇಲೆ ನಿಮ್ಮ ಆ್ಯಪ್‌ನಿಂದ ಏನು ಪ್ರಯೋಜನ?’ ಆ್ಯಪ್ ರೋಗ ಬರದಂತೆ ತಡೆಯುತ್ತದೆ ಎಂದು ಹೇಳಬೇಡಿ, ಅದು ನಿಜವಲ್ಲ. ಸೋಂಕಿದ ಗೊನೆಯನ್ನು, ಉದುರಿದ ಕಾಯಿಯನ್ನು ಬೇಗ ತೆಗೆದು ನಾಶಮಾಡಲು, ಯಾವ ಸಾಲಿಗೆ ಮತ್ತೆ ಸಿಂಪಡಿಸಬೇಕೆಂದು ತೀರ್ಮಾನಿಸಲು ನೆರವಾಗುತ್ತದೆ ಎನ್ನಿ.