ಆಬೆರು, ನಾಮೂಸ್, ತಾರೋಫ್: ಕನ್ನಡದಲ್ಲಿ ಹೇಗೆ?

ಪ್ರಶ್ನೆ: ಫಾರ್ಸಿ ಆತ್ಮಕಥೆಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಆಬೆರು, ನಾಮೂಸ್, ತಾರೋಫ್ ಇವಕ್ಕೆ ಕನ್ನಡದಲ್ಲಿ ಪದಗಳೇ ಇಲ್ಲ. ಹಾಗೇ ಉಳಿಸಿ ಅಡಿಟಿಪ್ಪಣಿ ಕೊಡಲೇ?

ಇಲ್ಲ ಅಂದವರು ಯಾರು? ನಾನೂ ಹಾಗೇ ನಂಬಿ ಕೆಟ್ಟವನು.

ನನ್ನ ಕೈಗೆ ಬಂದಿದ್ದ ಪುಸ್ತಕದಲ್ಲಿ ಒಂದು ರಾತ್ರಿ ಹೇಳದೆ ಕೇಳದೆ ನೆಂಟರು ಬರುತ್ತಾರೆ. ಮನೆಯಲ್ಲಿ ಹಣ್ಣಿಲ್ಲ. ತಾಯಿ ಮಗನನ್ನು ಹಿಂಬಾಗಿಲಿಂದ ಪಕ್ಕದ ಮನೆಗೆ ಓಡಿಸುತ್ತಾ ಒಂದು ಮಾತು ಹೇಳುತ್ತಾಳೆ. ಇಂಗ್ಲಿಷಿನಲ್ಲಿ ‘ಆನರ್’ ಎಂದಿತ್ತು. ನಾನು ‘ಮನೆತನದ ಮಾನ ಹೋಗುತ್ತದೆ’ ಎಂದು ಬರೆದೆ. ಮುಂದಿನ ಅಧ್ಯಾಯದಲ್ಲಿ ತಂಗಿ ಹುಡುಗನೊಬ್ಬನ ಜೊತೆ ನಡೆದು ಹೋಗುವುದನ್ನು ಅಣ್ಣ ನೋಡುತ್ತಾನೆ. ಅಲ್ಲೂ ‘ಆನರ್’, ನನ್ನದೂ ಅದೇ ‘ಮನೆತನದ ಮಾನ’. ಕರಡು ಓದಿದ ಸಂಪಾದಕರು ಕೇಳಿದರು: ‘ಹಣ್ಣಿಲ್ಲದ್ದಕ್ಕೂ ಹುಡುಗಿ ನಡೆದದ್ದಕ್ಕೂ ಒಂದೇ ಗೋಳೇ? ಈ ತಾಯಿಗೆ ತಲೆ ಸರಿಯಿಲ್ಲವೇ?’

ಮೈಸೂರಿನಲ್ಲಿ ಓದುತ್ತಿದ್ದ ಇರಾನಿ ಹುಡುಗಿಯೊಬ್ಬಳು ಮೂಲ ತೆರೆದು ತೋರಿಸಿದಳು. ತಾಯಿ ಹೇಳಿದ್ದು ಆಬೆರು, ಅಣ್ಣ ಹೇಳಿದ್ದು ನಾಮೂಸ್. ಆಬೆರು ನಾಲ್ಕು ಜನರೆದುರು ನಮಗಿರುವ ಮುಖ; ಗಂಡಿಗೂ ಹೆಣ್ಣಿಗೂ ಇರುತ್ತದೆ, ಖಾಲಿ ತಟ್ಟೆಯಿಂದಲೂ ಹೋಗುತ್ತದೆ. ನಾಮೂಸ್ ಮನೆಯ ಹೆಣ್ಣುಮಕ್ಕಳ ನಡತೆಯ ಮೇಲೆ ಹೊರಿಸಿದ ಮಾನ. ಅದನ್ನು ಕಾಯುವುದು ಗಂಡಸರ ಕೆಲಸವೆಂದು ಲೆಕ್ಕ. ಕಾಯಲು ಏಳುವ ರೋಷಕ್ಕೆ ಗೈರತ್ ಅನ್ನುತ್ತಾರೆ. ಈ ಮೂರನ್ನೂ ಇಂಗ್ಲಿಷ್ ಅನುವಾದಕ ಒಂದೇ ಪದಕ್ಕೆ ತುರುಕಿದ್ದ, ನಾನು ಮೂಲ ನೋಡದೆ ಅವನ ಬೆನ್ನು ಹತ್ತಿದ್ದೆ. ‘ಆನರ್’ ಕಂಡಲ್ಲೆಲ್ಲ ಮತ್ತೆ ಮೂಲಕ್ಕೆ ಹೋಗಬೇಕಾಯಿತು. ಪುಸ್ತಕ ತಡವಾಯಿತು, ಮುಂದಿನ ಕೆಲಸ ಬೇರೆಯವರ ಪಾಲಾಯಿತು.

ತಮಾಷೆಯೆಂದರೆ, ಆಬ್ ಅಂದರೆ ನೀರು, ರೂ ಅಂದರೆ ಮುಖ. ಆಬೆರು ಹೋಯಿತು ಅನ್ನಲು ಅವರು ಅದು ‘ಚೆಲ್ಲಿತು’ ಅನ್ನುತ್ತಾರೆ. ನಮ್ಮಲ್ಲಿ ಮುಖದ ನೀರಿಳಿಯುವುದಿಲ್ಲವೇ? ಆ ಪದವೇ ಮರಾಠಿಯಲ್ಲಿ, ನಮ್ಮ ಉತ್ತರ ಕರ್ನಾಟಕದಲ್ಲಿ ‘ಅಬ್ರು’ ಆಗಿ ಕೂತಿದೆ. ತಾಯಿಯ ಮಾತು ಕೊನೆಗೆ ಹೀಗಾಯಿತು: ‘ಓಡು, ನೆಂಟರೆದುರು ನಮ್ಮ ಮುಖದ ನೀರಿಳಿಯುತ್ತೆ.’ ಟಿಪ್ಪಣಿ ಬೇಕಾಗಲಿಲ್ಲ.

ನಾಮೂಸ್ ಮಾತ್ರ ಹಾಗೇ ಇರಲಿ. ‘ಶೀಲ’ ಎಂದರೆ ಅದು ಹುಡುಗಿಯದೇ ಆಗಿಬಿಡುತ್ತದೆ. ಇಲ್ಲಿ ಅದು ಅಣ್ಣನ ಸ್ವತ್ತಿನಂತೆ ಇದೆ, ಕತೆಯ ಕ್ರೌರ್ಯವೂ ಅಲ್ಲೇ. ಮೊದಲ ಸಲ ಬಂದಾಗ ಅಣ್ಣನ ಬಾಯಲ್ಲೇ ಬಿಡಿಸಿ: ‘ನೀನು ನನ್ನ ನಾಮೂಸ್, ನಿನ್ನನ್ನು ನೋಡಿದರೆ ನನ್ನನ್ನು ಆಡಿಕೊಳ್ಳುತ್ತಾರೆ.’ ಗೈರತ್ ಇಲ್ಲದವನು ಎಂದು ಹಳಿಯುವ ‘ಬೀಗೈರತ್’ ಎಂಬ ಬೈಗುಳಕ್ಕೆ ‘ಗಂಡಸೇನೋ ನೀನು?’ ಸಾಕು.

ತಾರೋಫ್ ಅಂದರೆ ಮರ್ಯಾದೆಗೆಂದು ಆಡುವ ಉಪಚಾರದ ಮಾತು, ಬೇಕಿದ್ದರೂ ಬೇಡವೆನ್ನುವ ಸಂಕೋಚ. ಅದಕ್ಕೆ ಒಂದೇ ಪದ ಹುಡುಕಬೇಡಿ, ಸಂದರ್ಭ ನೋಡಿ. ಊಟದ ಹೊತ್ತಲ್ಲಿ ‘ತಾರೋಫ್ ನಕೊನೀದ್’ ಅಂದರೆ ನಮ್ಮ ‘ಸಂಕೋಚ ಮಾಡ್ಕೋಬೇಡಿ’, ಅಷ್ಟೇ. ತೊಡಕು ಟ್ಯಾಕ್ಸಿಯವನದು. ಬಾಡಿಗೆ ಎಷ್ಟೆಂದು ಕೇಳಿದರೆ ‘ಗಾಬೆಲ್ ನದಾರೆ’ ಅನ್ನುತ್ತಾನೆ, ನಿಮ್ಮಂಥವರಿಗೆ ಇದೇನು ಮಹಾ ಎಂಬ ಧಾಟಿ. ‘ದುಡ್ಡು ಬೇಡ’ ಎಂದು ಬರೆದರೆ ಓದುಗರು ಅವನನ್ನು ದಾನಿ ಅಂದುಕೊಳ್ಳುತ್ತಾರೆ. ‘ಅಯ್ಯೋ, ನಿಮ್ಮ ಹತ್ರ ಏನು ಸರ್’ ಎಂದು ಬರೆದು, ಪ್ರಯಾಣಿಕ ಮತ್ತೆ ಕೇಳುವುದನ್ನೂ ಅವನು ಪೂರ್ತಿ ಬಾಡಿಗೆ ಎಣಿಸಿಕೊಳ್ಳುವುದನ್ನೂ ಒಂದು ಸಾಲೂ ಬಿಡದೆ ಅನುವಾದಿಸಿ.