sin²(3x) ಲೆಕ್ಕದಲ್ಲಿ ಕಳೆದುಹೋಗುವ 3

ಪ್ರಶ್ನೆ: sin²(3x) ಇದರ ಡಿರಿವೇಟಿವ್ 2 sin 3x cos 3x ಎಂದು ಬರೆದೆ. ಚೈನ್ ರೂಲ್ ಹಾಕಿಯೇ ಮಾಡಿದ್ದೇನೆ, ಆದರೂ ತಪ್ಪು ಎಂದು ಗೀಟು ಹಾಕಿದ್ದಾರೆ. ಇನ್ನೊಂದು 3 ಇರಬೇಕಿತ್ತಂತೆ. ಅದು ಎಲ್ಲಿಂದ ಬಂತು? ಪ್ರತಿ ಸಲ ಇದನ್ನೇ ಏಕೆ ಮರೆಯುತ್ತೇನೆ?

ನೀವು ಚೈನ್ ರೂಲ್ ಬಳಸಿದ್ದೀರಿ ಎಂಬುದು ನಿಜ. ಆದರೆ ಒಂದೇ ಸಲ ಬಳಸಿ ನಿಲ್ಲಿಸಿದ್ದೀರಿ. ಈ ಲೆಕ್ಕ ಅದನ್ನು ಎರಡು ಸಲ ಕೇಳುತ್ತದೆ. ವರ್ಗವನ್ನು ಬಿಡಿಸಿದಾಗ ಒಳಗಿದ್ದ sin 3x ನಿಮ್ಮ ಕಣ್ಣಿಗೆ ಬಿದ್ದಿದೆ, ಅದರಿಂದಲೇ cos 3x ಬಂದಿದೆ. ಆ sin ಒಳಗೆ ಇರುವುದು ಬರೀ x ಅಲ್ಲ, 3x ಎಂಬುದು ಮಾತ್ರ ಕಣ್ಣು ತಪ್ಪಿದೆ. ನಾನು ಹಲವು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ನಿಯಮವೇ ಗೊತ್ತಿಲ್ಲದೆ ತಪ್ಪು ಮಾಡುವವರಿಗಿಂತ, ಹೀಗೆ ಕೊನೆಯ ಮೆಟ್ಟಿಲಿನಲ್ಲಿ ನಿಂತುಬಿಡುವವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ನಿಯಮವನ್ನು ಸ್ವಲ್ಪ ಬದಿಗಿಟ್ಟು, ನಿಮ್ಮ ಉತ್ತರ ಸರಿಯಾಗಿರಲು ಸಾಧ್ಯವೇ ಎಂದು ಬೇರೆ ದಾರಿಯಿಂದ ನೋಡೋಣ. 2 sin 3x cos 3x ಎಂದರೆ sin 6x. ಸೈನ್ ಎಂದೂ 1ನ್ನು ಮೀರುವುದಿಲ್ಲ. ಹಾಗಾಗಿ ನಿಮ್ಮ ಉತ್ತರವನ್ನು ನಂಬಿದರೆ, sin²(3x) ರೇಖೆಯ ಇಳಿಜಾರು ಎಲ್ಲಿಯೂ 1ಕ್ಕಿಂತ ಕಡಿದಾಗಿರಬಾರದು. ಈಗ ರೇಖೆಯನ್ನೇ ನೋಡಿ. x = 0 ಇದ್ದಾಗ ಅದರ ಬೆಲೆ 0. x = π/6 ಇದ್ದಾಗ, 3x ಎಂಬುದು π/2 ಆಗುವುದರಿಂದ, ಅದರ ಬೆಲೆ 1. π/6 ಎಂದರೆ ಸುಮಾರು 0.52 ಮಾತ್ರ. ಅಂದರೆ ಈ ರೇಖೆ 0.52ರಷ್ಟು ಅಡ್ಡ ಸಾಗುವುದರೊಳಗೆ ಪೂರ್ತಿ 1 ಮೇಲೇರಿದೆ. ಅದರ ಸರಾಸರಿ ಇಳಿಜಾರೇ ಸುಮಾರು 1.91. ಎಲ್ಲಿಯೂ 1ನ್ನು ಮೀರದ ಇಳಿಜಾರಿನಲ್ಲಿ ನಡೆದವನು ಅಷ್ಟು ಕಡಿಮೆ ದೂರದಲ್ಲಿ ಅಷ್ಟು ಎತ್ತರ ಏರಲಾರ. ಸರಿಯಾದ ಉತ್ತರವಾದ 3 sin 6x ಗರಿಷ್ಠ 3ರವರೆಗೆ ಹೋಗುತ್ತದೆ, ಆದ್ದರಿಂದ ಸರಾಸರಿ 1.91 ಬರುವುದರಲ್ಲಿ ತೊಡಕೇನೂ ಇಲ್ಲ.

ಆ 3 ಎಲ್ಲಿಂದ ಬಂತು ಎಂಬುದಕ್ಕೂ ಉತ್ತರ ಇದೇ ಚಿತ್ರದಲ್ಲಿದೆ. sin x ಎಂಬುದು 0ಯಿಂದ 1ಕ್ಕೆ ಏರಲು π/2 ದೂರ ತೆಗೆದುಕೊಳ್ಳುತ್ತದೆ. sin 3x ಅದೇ ಎತ್ತರವನ್ನು π/6ರಲ್ಲಿ, ಅಂದರೆ ಮೂರನೇ ಒಂದು ಭಾಗ ದೂರದಲ್ಲಿ ಏರಿಬಿಡುತ್ತದೆ. ರೇಖೆಯನ್ನು ಎರಡೂ ಕಡೆಯಿಂದ ಒತ್ತಿ ಅಗಲವನ್ನು ಮೂರರಲ್ಲೊಂದು ಪಾಲು ಮಾಡಿದಂತೆ. ಎತ್ತರ ಬದಲಾಗಲಿಲ್ಲ, ಆದ್ದರಿಂದ ಪ್ರತಿ ಬಿಂದುವಿನಲ್ಲೂ ಏರು ಮೂರು ಪಟ್ಟು ಕಡಿದಾಯಿತು. ಒಳಗಿನ ಫಂಕ್ಷನ್‌ನ ಡಿರಿವೇಟಿವ್‌ನಿಂದ ಗುಣಿಸುವುದು ಎಂದರೆ ಇಷ್ಟೇ: x ಒಂದಿಷ್ಟು ಚಲಿಸಿದಾಗ ಒಳಗಿನದು ಅದರ ಎಷ್ಟು ಪಟ್ಟು ಚಲಿಸುತ್ತದೆ ಎಂಬ ಲೆಕ್ಕವನ್ನು ಸೇರಿಸುವುದು. ಒಳಗೆ 3x ಇದ್ದರೆ ಆ ಪಟ್ಟು ಎಲ್ಲ ಕಡೆಯೂ 3. ಒಳಗೆ x² ಇದ್ದರೆ ಅದು 2x, ಅಂದರೆ ಜಾಗದಿಂದ ಜಾಗಕ್ಕೆ ಬೇರೆ. Sin(x²) ರೇಖೆ ಬಲಕ್ಕೆ ಹೋದಂತೆಲ್ಲ ಇಕ್ಕಟ್ಟಾಗುತ್ತ ಹೋಗುವುದು ಇದಕ್ಕಾಗಿಯೇ.

ಇನ್ನು, ಪ್ರತಿ ಸಲ ಏಕೆ ಮರೆಯುತ್ತದೆ ಎಂಬ ಮಾತು. ಇದಕ್ಕೆ ನಿಮ್ಮ ನೆನಪಿನ ಶಕ್ತಿಗಿಂತ ನಾವು ಬಾಯಿಪಾಠ ಮಾಡಿಸುವ ಸೂತ್ರಗಳ ಪಟ್ಟಿಯೇ ಹೆಚ್ಚು ಕಾರಣ ಎಂಬುದು ನನ್ನ ಅಭಿಪ್ರಾಯ. ಆ ಪಟ್ಟಿಯಲ್ಲಿ sin x ಇದ್ದರೆ cos x, eˣ ಇದ್ದರೆ eˣ, ಎಲ್ಲದರ ಒಳಗೂ ಬರೀ x. ಅಲ್ಲಿಯೂ ಒಳಗಿನದರ ಡಿರಿವೇಟಿವ್‌ನಿಂದ ಗುಣಿಸುತ್ತಲೇ ಇದ್ದೇವೆ, ಆದರೆ x ಇದರ ಡಿರಿವೇಟಿವ್ 1 ಆಗಿರುವುದರಿಂದ ಅದನ್ನು ಯಾರೂ ಬರೆಯುವುದಿಲ್ಲ. ಮುಂದೆ (x + 5)⁴ ಬಂದಾಗಲೂ 4(x + 5)³ ಎಂದು ಬರೆದು ಪೂರ್ತಿ ಅಂಕ ಪಡೆಯುತ್ತೀರಿ, ಏಕೆಂದರೆ ಅಲ್ಲಿಯೂ ಒಳಗಿನದು ಕೊಡುವುದು 1. ಹೀಗೆ ಮರೆತರೂ ನಡೆಯುವ ಲೆಕ್ಕಗಳನ್ನೇ ಮೊದಲು ಮಾಡಿಸಿ, ಮರೆತರೆ ನಡೆಯದ ಲೆಕ್ಕವನ್ನು ಆಮೇಲೆ ಕೊಡುತ್ತೇವೆ. ಅಷ್ಟರಲ್ಲಿ ಕೈಗೆ ಅಭ್ಯಾಸ ಕೂತಿರುತ್ತದೆ. ಜೊತೆಗೆ sin²(3x) ಎಂದು ಬರೆಯುವ ಪದ್ಧತಿಯೂ ದಾರಿ ತಪ್ಪಿಸುತ್ತದೆ. ಎಲ್ಲಕ್ಕಿಂತ ಹೊರಗೆ ಇರಬೇಕಾದ ವರ್ಗ ನಡುವೆ ಬಂದು ಕುಳಿತಿರುತ್ತದೆ.

ಆದ್ದರಿಂದ ನಾನು ನನ್ನ ತರಗತಿಯಲ್ಲಿ ಮೊದಲು ಅದನ್ನು (sin 3x)² ಎಂದು ಬಿಡಿಸಿ ಬರೆಸುತ್ತೇನೆ. ಹೊರಗಿನದು ಯಾವುದು ಎಂಬ ಗೊಂದಲವಾದರೆ, x ಗೆ ಒಂದು ಬೆಲೆ ಕೊಟ್ಟು ಕ್ಯಾಲ್ಕುಲೇಟರ್‌ನಲ್ಲಿ ಯಾವ ಕ್ರಮದಲ್ಲಿ ಲೆಕ್ಕ ಮಾಡುತ್ತೀರಿ ಎಂದು ಯೋಚಿಸಿ: ಮೊದಲು 3ರಿಂದ ಗುಣಿಸುತ್ತೀರಿ, ಆಮೇಲೆ ಸೈನ್, ಕೊನೆಗೆ ವರ್ಗ. ಕೊನೆಗೆ ಮಾಡಿದ್ದೇ ಎಲ್ಲಕ್ಕಿಂತ ಹೊರಗಿನದು, ಅವಕಲನ ಅಲ್ಲಿಂದ ಶುರುವಾಗಬೇಕು. ಬಳಿಕ ಪ್ರತಿ ಸಾಲಿನಲ್ಲೂ ಒಂದೇ ಪದರವನ್ನು ಬಿಡಿಸಿ, ಒಳಗೆ ಉಳಿದದ್ದನ್ನು d/dx ಎಂಬ ಬಾಕಿಯಾಗಿ ಅದೇ ಸಾಲಿನಲ್ಲಿ ಬರೆದಿಡಬೇಕು.

```
d/dx (sin 3x)²
= 2 (sin 3x) · d/dx (sin 3x)
= 2 (sin 3x) · (cos 3x) · d/dx (3x)
= 2 (sin 3x) · (cos 3x) · 3
= 3 sin 6x
```

ನೀವು ಎರಡನೇ ಸಾಲಿನಲ್ಲಿರುವ d/dx ಅನ್ನು ಮನಸ್ಸಿನಲ್ಲೇ ಮಾಡಿದ್ದೀರಿ, ಮನಸ್ಸು ಪಟ್ಟಿಯಲ್ಲಿದ್ದ "sin ಇದ್ದರೆ cos" ಎಂಬುದನ್ನು ಕೊಟ್ಟು ಸುಮ್ಮನಾಗಿದೆ. ಮೂರನೇ ಸಾಲನ್ನು ಕಾಗದದ ಮೇಲೆ ಬರೆದಿದ್ದರೆ, d/dx (3x) ಎಂಬುದು ಕಣ್ಣೆದುರೇ ಇರುತ್ತಿತ್ತು. ಸಾಲಿನಲ್ಲಿ d/dx ಎಂಬ ಗುರುತು ಒಂದಾದರೂ ಉಳಿದಿರುವವರೆಗೆ ಲೆಕ್ಕ ಮುಗಿದಿಲ್ಲ, ಒಳಗೆ ಬರೀ x ಉಳಿದು ಅದು 1 ಆದಾಗಲೇ ಮುಗಿಯುವುದು. ಇದರಿಂದ ಒಂದೆರಡು ಸಾಲು ಹೆಚ್ಚಾಗುತ್ತದೆ ಎಂದು ಚುರುಕಿನ ಮಕ್ಕಳು ಗೊಣಗುತ್ತಾರೆ. ತಪ್ಪುವವರಲ್ಲಿ ಅವರೇ ಹೆಚ್ಚು.

ಇದರ ಪಕ್ಕದ ಇನ್ನೊಂದು ತಪ್ಪನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ. sin(x²) ಇದಕ್ಕೆ cos(2x) ಎಂದು ಬರೆಯುವವರು ಒಳಗಿನ ಡಿರಿವೇಟಿವ್ ಅನ್ನು ಮರೆತಿಲ್ಲ, ಅದನ್ನು ಹೊರಗೆ ಗುಣಿಸುವ ಬದಲು ಒಳಗೇ ತುರುಕಿದ್ದಾರೆ. ಸರಿಯಾದದ್ದು 2x cos(x²). ಹೊರಗಿನದನ್ನು ಬಿಡಿಸುವಾಗ ಒಳಗಿನದನ್ನು ಮುಟ್ಟುವಂತಿಲ್ಲ.

ನಾನೂ ಇದೇ ಗುಂಡಿಗೆ ಬಿದ್ದವನು. ಪಿಯುಸಿಯಲ್ಲಿದ್ದಾಗ ಒಂದು ಕಿರುಪರೀಕ್ಷೆಯಲ್ಲಿ √(1 − x²) ಇದರ ಡಿರಿವೇಟಿವ್ 1/(2√(1 − x²)) ಎಂದು ಬರೆದಿದ್ದೆ. ನಮ್ಮ ಮೇಷ್ಟ್ರು ಗೀಟು ಹಾಕಿ ಬಿಡಲಿಲ್ಲ, ಬೋರ್ಡಿನ ಹತ್ತಿರ ಕರೆದು y = √(1 − x²) ರೇಖೆಯನ್ನು ಬರೆಯಲು ಹೇಳಿದರು. ಅದು ತ್ರಿಜ್ಯ 1 ಇರುವ ವೃತ್ತದ ಮೇಲರ್ಧ. x = 0 ಎಂಬಲ್ಲಿ ಅದರ ನೆತ್ತಿ, ಅಲ್ಲಿ ಸ್ಪರ್ಶರೇಖೆ ಪೂರ್ತಿ ಅಡ್ಡ ಮಲಗಿರುತ್ತದೆ. ನನ್ನ ಉತ್ತರಕ್ಕೆ x = 0 ಹಾಕಿದರೆ 1/2 ಬರುತ್ತಿತ್ತು. ಅದೂ ಹೋಗಲಿ, ನನ್ನ ಉತ್ತರ ಯಾವಾಗಲೂ ಧನ ಸಂಖ್ಯೆ, ಆದರೆ ಬಲಗಡೆಯ ಅರ್ಧದಲ್ಲಿ ರೇಖೆ ಕಣ್ಣಿಗೆ ಕಾಣುವಂತೆ ಕೆಳಗಿಳಿಯುತ್ತಿದೆ. ಬಿಟ್ಟುಹೋಗಿದ್ದ −2x ಸೇರಿಸಿದಾಗ −x/√(1 − x²) ಆಯಿತು: ನೆತ್ತಿಯಲ್ಲಿ 0, ಬಲಕ್ಕೆ ಋಣ, ಎಡಕ್ಕೆ ಧನ. ಅಂದಹಾಗೆ, ಚೈನ್ ರೂಲ್ ಮೊದಲು ಕಾಣಿಸಿಕೊಂಡದ್ದು ಲೈಬ್ನಿಟ್ಸ್ ಅವರ 1676ರ ಒಂದು ಟಿಪ್ಪಣಿಯಲ್ಲಿ ಎನ್ನುತ್ತಾರೆ. ಅಲ್ಲಿನ ಉದಾಹರಣೆಯೂ ಹೀಗೆಯೇ ಒಂದು ವರ್ಗಮೂಲ, ಅದರಲ್ಲಿ ಅವರೂ ಒಂದು ಚಿಹ್ನೆಯನ್ನು ತಪ್ಪಿಸಿದ್ದರು.

ಅದೇ ವೃತ್ತ ಇನ್ನೊಂದು ವೇಷದಲ್ಲಿಯೂ ಬರುತ್ತದೆ. x² + y² = 25 ಎಂದು ಕೊಟ್ಟು dy/dx ಕೇಳಿದಾಗ 2x + 2y = 0 ಎಂದು ಬರೆಯುವುದು ಇದೇ ಮರೆವು, ಏಕೆಂದರೆ y ಎಂಬುದು x ಇದರ ಫಂಕ್ಷನ್, ಆದ್ದರಿಂದ y² ಇದರೊಳಗೆ ಒಂದು ಪದರ ಅಡಗಿದೆ. (3, 4) ಎಂಬ ಬಿಂದುವನ್ನು ಹಾಕಿ ನೋಡಿದರೆ ಆ ಸಾಲು 14 = 0 ಎನ್ನುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. 2x + 2y · dy/dx = 0 ಎಂದು ಬರೆದರೆ ಇಳಿಜಾರು −3/4 ಬರುತ್ತದೆ.

ಪರೀಕ್ಷೆಯ ದೃಷ್ಟಿಯಿಂದ ಒಂದು ಮಾತು. ಹಂತಗಳನ್ನು ಬರೆಯುವ ಪ್ರಶ್ನೆಯಲ್ಲಿ ನಾನಾದರೆ ನಿಮ್ಮ ಮೊದಲ ಹಂತಕ್ಕೆ ಅಂಕ ಕೊಟ್ಟು, ಕೊನೆಯದಕ್ಕೆ ಕಳೆಯುತ್ತಿದ್ದೆ. ಸಿಇಟಿಯಂಥ ಆಯ್ಕೆಯ ಪ್ರಶ್ನೆಗಳಲ್ಲಿ ಆ ಅನುಕೂಲ ಇಲ್ಲ. ಪ್ರಶ್ನೆ ಬರೆಯುವವರಿಗೆ ಈ ಮರೆವು ಚೆನ್ನಾಗಿ ಗೊತ್ತಿರುವುದರಿಂದ sin 6x ಎಂಬುದನ್ನೂ ಆಯ್ಕೆಗಳಲ್ಲಿ ಇಡಬಲ್ಲರು, ನಿಮ್ಮ ಉತ್ತರ ಅಲ್ಲಿ ಕಂಡಿತೆಂದು ನೀವು ಧೈರ್ಯದಿಂದ ಗುರುತು ಮಾಡುತ್ತೀರಿ. ಸಮಯವಿದ್ದರೆ ಬೇರೆ ದಾರಿಯಲ್ಲಿ ಒಮ್ಮೆ ಮಾಡಿ ನೋಡಿ. sin²(3x) ಎಂಬುದನ್ನು (1 − cos 6x)/2 ಎಂದು ಬರೆದುಕೊಂಡರೆ ನೇರವಾಗಿ 3 sin 6x ಬರುತ್ತದೆ. ಇಲ್ಲಿಯೂ ಒಳಗಿನ 6ನ್ನು ಮರೆತರೆ ಬರುವುದು sin 6x ಇದರ ಅರ್ಧ, ಮೊದಲು ಬಂದದ್ದು sin 6x. ಎರಡೂ ಕಡೆ ಮರೆತವನಿಗೆ ಎರಡು ಬೇರೆ ಉತ್ತರಗಳು ಬರುವುದರಿಂದ, ಏನೋ ಬಿಟ್ಟುಹೋಗಿದೆ ಎಂದು ತಿಳಿದುಹೋಗುತ್ತದೆ.

ಮನೆಯಲ್ಲಿ ಕ್ಯಾಲ್ಕುಲೇಟರ್ ಇದ್ದರೆ ಇನ್ನೂ ಸುಲಭ. x = 0.1 ಎಂಬಲ್ಲಿ sin²(3x) ಇದರ ಬೆಲೆ 0.08733, x = 0.101 ಎಂಬಲ್ಲಿ 0.08903. ವ್ಯತ್ಯಾಸವಾದ 0.0017ನ್ನು 0.001ರಿಂದ ಭಾಗಿಸಿದರೆ 1.7. ಅದೇ ಬಿಂದುವಿನಲ್ಲಿ 3 sin 6x ಕೊಡುವುದು 1.69, ನೀವು ಬರೆದದ್ದು ಕೊಡುವುದು 0.56. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿರಬೇಕು ಎಂಬುದನ್ನು ಮಾತ್ರ ಮರೆಯಬೇಡಿ. ಡಿಗ್ರಿಯಲ್ಲಿದ್ದರೆ ಎರಡಕ್ಕೂ ಹೊಂದದ ತೀರ ಸಣ್ಣ ಸಂಖ್ಯೆ ಬರುತ್ತದೆ, ಏಕೆಂದರೆ ಡಿಗ್ರಿಯನ್ನು ರೇಡಿಯನ್‌ಗೆ ತಿರುಗಿಸುವ π/180 ಎಂಬುದೂ ಒಳಗೆ ಕುಳಿತ ಒಂದು ಪದರವೇ. Sin x° ಇದರ ಡಿರಿವೇಟಿವ್ cos x° ಅಲ್ಲ, (π/180) cos x°.