ಪೂರ್ತಿ ಹೊಸ ಮಾಡೆಲ್: ಈಗಲೇ ಬುಕ್ ಮಾಡೋದಾ, ಒಂದು ವರ್ಷ ಕಾಯೋದಾ?

"ನಮ್ಮ ಡೀಸೆಲ್ ಗಾಡಿಗೆ 11 ವರ್ಷ ಆಯ್ತು, 2.1 ಲಕ್ಷ ಕಿ.ಮೀ. ಓಡಿದೆ, ಇನ್ನೂ ತೊಂದರೆ ಕೊಟ್ಟಿಲ್ಲ. ನನಗೆ ಇಷ್ಟ ಆದ ಎಸ್‌ಯುವಿ ಈಗ ಪೂರ್ತಿ ಹೊಸದಾಗಿ ಬಂದಿದೆ, ಎಂಜಿನ್ನೂ ಹೊಸದಂತೆ. ಶೋರೂಮಲ್ಲಿ ಹಳೆ ಮಾಡೆಲ್ ಒಂದು ಉಳಿದಿದೆ. ತೋಟ ತೀರ್ಥಹಳ್ಳಿ ಹತ್ರ, ಸರ್ವಿಸ್‌ಗೆ ಶಿವಮೊಗ್ಗಕ್ಕೇ ಹೋಗ್ಬೇಕು. ಹೊಸದನ್ನ ಈಗಲೇ ಬುಕ್ ಮಾಡ್ಲಾ, ಒಂದು ವರ್ಷ ಕಾಯ್ಲಾ?"

ಅಣ್ಣ, ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಕಾಯುತ್ತಿದ್ದೆ. ಎಂಜಿನ್ ಹೊಸದು, ಸರ್ವಿಸ್ ಸೆಂಟರ್ ಅರವತ್ತು ಕಿ.ಮೀ. ದೂರ, ಇರೋ ಗಾಡಿ ಚೆನ್ನಾಗಿ ಓಡುತ್ತಿದೆ. ಈ ಮೂರೂ ಒಟ್ಟಿಗೆ ಸೇರಿದಾಗ ಅವಸರ ಮಾಡೋಕೆ ಕಾರಣವೇ ಇಲ್ಲ.

ಮೇಲೆ ಒಬ್ಬರು "ಲಕ್ಷಗಟ್ಟಲೆ ಕಿ.ಮೀ. ಟೆಸ್ಟ್ ಮಾಡಿಯೇ ಬಿಡುತ್ತಾರೆ, ಭಯ ಯಾಕೆ" ಅಂದಿದ್ದಾರೆ. ಅರ್ಧ ನಿಜ. ಟೆಸ್ಟ್ ಮಾಡುತ್ತಾರೆ, ಲಡಾಖ್ ಚಳಿಗೂ ರಾಜಸ್ಥಾನದ ಬಿಸಿಲಿಗೂ ಒಯ್ಯುತ್ತಾರೆ. ಆದರೆ ಅಲ್ಲಿ ಓಡಿದ್ದು ಎಂಜಿನಿಯರ್‌ಗಳ ಕಣ್ಣೆದುರೇ ಜೋಡಿಸಿದ ಕೆಲವೇ ಗಾಡಿಗಳು. ನಿಮ್ಮ ಮನೆಗೆ ಬರುವುದು ಫ್ಯಾಕ್ಟರಿ ವೇಗವಾಗಿ ಓಡುತ್ತಿರುವಾಗ ಹೊರಬಿದ್ದ ಗಾಡಿ. ಡಿಸೈನ್ ಸರಿ ಇದ್ದರೂ ಒಬ್ಬ ಸಪ್ಲೈಯರ್ ಹತ್ತಿರ ಒಂದು ಸಣ್ಣ ಭಾಗ ತಪ್ಪಿದರೆ ಅದು ಸಾವಿರಾರು ಗಾಡಿಗೆ ಹೋಗಿ ಕೂರುತ್ತದೆ.

ಮಹೀಂದ್ರಾ ಸ್ಕಾರ್ಪಿಯೋ-ಎನ್ ಕಥೆ ನೋಡಿ. 2022ರ ಜೂನ್‌ನಲ್ಲಿ ಬಿಡುಗಡೆ ಆಯ್ತು. ಜುಲೈ 30ಕ್ಕೆ ಬುಕಿಂಗ್ ತೆಗೆದರು, ಅರ್ಧ ಗಂಟೆಯಲ್ಲಿ ಒಂದು ಲಕ್ಷ ಬುಕಿಂಗ್. ಸೆಪ್ಟೆಂಬರ್ ಕೊನೆಗೆ ಡೆಲಿವರಿ ಶುರು. ಅದೇ ವರ್ಷ ಮುಗಿಯೋ ಮುಂಚೆ ರೀಕಾಲ್ ಬಂತು. ಮ್ಯಾನ್ಯುಯಲ್ ಗೇರ್ ಗಾಡಿಗಳಲ್ಲಿ, ಕ್ಲಚ್ ಸುತ್ತ ಇರುವ ಬೆಲ್ ಹೌಸಿಂಗ್ ಅನ್ನೋ ಕವಚದ ಒಳಗೆ, ಮಡಿಕೆ ಮಡಿಕೆಯಾದ ಒಂದು ರಬ್ಬರ್ ಭಾಗ, ಅಂದರೆ ಬೆಲ್ಲೋ, ಅಳತೆಯಲ್ಲಿ ಹೆಚ್ಚುಕಡಿಮೆ ಇರಬಹುದು ಅಂತ. ಕಾರಣ ಏನು ಗೊತ್ತಾ? ಸಪ್ಲೈಯರ್ ಫ್ಯಾಕ್ಟರಿಯಲ್ಲಿ ಬೆಲ್ಲೋಗಳನ್ನು ಆರಿಸಿ ಬೇರೆ ಮಾಡುವಾಗ ಆದ ತಪ್ಪು. ಅಷ್ಟೇ. 2022ರ ಜುಲೈ 1ರಿಂದ ನವೆಂಬರ್ 11ರ ಒಳಗೆ ತಯಾರಾದ 6,618 ಸ್ಕಾರ್ಪಿಯೋ-ಎನ್ ಅದರಲ್ಲಿದ್ದವು. ಕಂಪನಿ ತಾನೇ ಹೇಳಿ, ಪುಕ್ಕಟೆ ನೋಡಿ ಬದಲಾಯಿಸಿಕೊಟ್ಟಿತು.

ಇದರಲ್ಲಿ ಇನ್ನೊಂದು ವಿಷಯ ಇದೆ. ಅದೇ ಭಾಗಕ್ಕೆ ಎಕ್ಸ್‌ಯುವಿ700 ಕೂಡ 12,566 ಗಾಡಿ ವಾಪಸ್ ಕರೆದರು, ಅದು ಬಂದು ಆಗಲೇ ಒಂದು ವರ್ಷ ಆಗಿತ್ತು. ಅಂದರೆ ಒಂದು ವರ್ಷ ಕಾದರೆ ಎಲ್ಲ ತೊಂದರೆ ತಪ್ಪುತ್ತದೆ ಅಂತಲ್ಲ. ಇಂಥ ತಪ್ಪು ಯಾವ ವರ್ಷವೂ ನುಸುಳಬಹುದು. ಇನ್ನೊಂದು ಕಡೆ, ಸ್ಕಾರ್ಪಿಯೋ-ಎನ್‌ನ 2.2 ಡೀಸೆಲ್ ಎಂಜಿನ್ ಅದಕ್ಕಿಂತ ಮುಂಚೆಯೇ ಥಾರ್‌ನಲ್ಲೂ ಎಕ್ಸ್‌ಯುವಿ700ನಲ್ಲೂ ಓಡುತ್ತಿತ್ತು. ಬಾಡಿ, ಚಾಸಿಸ್ ಹೊಸದಾದರೂ ಎಂಜಿನ್ ಬಗ್ಗೆ ಮೆಕ್ಯಾನಿಕ್‌ಗಳಿಗೆ ಗೊತ್ತಿತ್ತು. ಅದಕ್ಕೇ ನಾನು ಮೊದಲು ಕೇಳೋದು, ಹೊಸದು ಅಂದರೆ ಏನೇನು ಹೊಸದು ಅಂತ.

ಡಲ್ಲಾಸ್‌ನಿಂದ ಬರೆದವರು "ಟೊಯೊಟಾ ಆದರೆ ಮೊದಲ ವರ್ಷಾನೂ ಕಣ್ಣು ಮುಚ್ಚಿ ತಗೊಳ್ಳಿ" ಅಂದಿದ್ದಾರೆ. ಅಲ್ಲಿ ನನ್ನ ಒಪ್ಪಿಗೆ ಇಲ್ಲ ಸರ್. ನಿಮ್ಮ ಟೆಕ್ಸಾಸ್‌ನಲ್ಲೇ ತಯಾರಾಗುವ ಟಂಡ್ರಾ ಪಿಕಪ್ ನೋಡಿ. 2022ಕ್ಕೆ ಪೂರ್ತಿ ಹೊಸದು ಮಾಡಿದರು. ವರ್ಷಗಟ್ಟಲೆ ಓಡಿ ಹೆಸರು ಮಾಡಿದ್ದ 5.7 ಲೀಟರ್ ವಿ8 ತೆಗೆದು ಎರಡು ಟರ್ಬೊ ಇರುವ ವಿ6 ಹಾಕಿದರು. 2024ರ ಮೇ ತಿಂಗಳಲ್ಲಿ, ಅದೇ ಎಂಜಿನ್ ಇರುವ ಲೆಕ್ಸಸ್ ಸೇರಿ, ಸುಮಾರು 1.02 ಲಕ್ಷ ಗಾಡಿಗೆ ರೀಕಾಲ್. ಎಂಜಿನ್ ತಯಾರಿಸುವಾಗ ಉಳಿದ ಲೋಹದ ಚೂರು ಪೂರ್ತಿ ಹೋಗಿರಲಿಲ್ಲ, ಅದು ಮೇನ್ ಬೇರಿಂಗ್ ಹಾಳು ಮಾಡುತ್ತಿತ್ತು. ಮೊದಲು ಟಕಟಕ ಸದ್ದು, ಆಮೇಲೆ ಎಂಜಿನ್ ಒರಟಾಗಿ ಓಡೋದು, ಕೆಲವು ಸಲ ಓಡುತ್ತಿದ್ದ ಹಾಗೇ ಶಕ್ತಿ ಹೋಗಿಬಿಡೋದು. ಕೊನೆಗೆ ಎಂಜಿನ್ನೇ ಬದಲಾಯಿಸಿಕೊಡುವ ತೀರ್ಮಾನ ಮಾಡಿದರು. ಗಮನಿಸಿ, ತೊಂದರೆ ಹೊರಗೆ ಬರೋಕೆ ಎರಡು ವರ್ಷ ಹಿಡಿಯಿತು. ಎಂಜಿನ್ ಒಳಗಿನ ದೋಷ ಹತ್ತು ಸಾವಿರ ಕಿ.ಮೀ.ಗೆ ಕಾಣೋದಿಲ್ಲ. ಹೊಸ ಎಂಜಿನ್‌ಗೆ ಒಂದು ವರ್ಷ ಸಾಲದು, ಒಂದೂವರೆ ಎರಡು ವರ್ಷ ಅಂತ ನಾನು ಹೇಳೋದು ಅದಕ್ಕೇ.

ಇನ್ನು ನನ್ನ ಅನುಭವ. ಕಂಪನಿ ಹೆಸರು ಬೇಡ. ಪೂರ್ತಿ ಹೊಸ ಮಾಡೆಲ್ ಬಂದ ಮೂರನೇ ತಿಂಗಳಿಗೇ ತಗೊಂಡಿದ್ದೆ. ನಾಲ್ಕು ದಿನ ನಿಲ್ಲಿಸಿದರೆ ಐದನೇ ದಿನ ಸ್ಟಾರ್ಟ್ ಇಲ್ಲ. ಸರ್ವಿಸ್‌ನವರು ಎರಡು ಸಲ ಬ್ಯಾಟರಿ ಬದಲಾಯಿಸಿದರು, ಅದೇ ಹಣೆಬರಹ. ಕೊನೆಗೆ ನಾನೇ ಬಾನೆಟ್ ಎತ್ತಿಟ್ಟು, ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ, ಗಾಡಿ ಲಾಕ್ ಮಾಡಿ ಮುಕ್ಕಾಲು ಗಂಟೆ ಬಿಟ್ಟೆ, ಒಳಗಿನ ಕಂಪ್ಯೂಟರ್‌ಗಳೆಲ್ಲ ಮಲಗೋಕೆ ಅಷ್ಟು ಹೊತ್ತು ಬೇಕು. ಆಮೇಲೆ ಬ್ಯಾಟರಿಯ ನೆಗೆಟಿವ್ ಕೇಬಲ್‌ಗೆ, ತಂತಿ ಬಿಚ್ಚದೇ ಕರೆಂಟ್ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿದೆ. ನಿಂತ ಗಾಡಿ ಎಳೆಯೋ ಕರೆಂಟ್ 0.05 ಆಂಪ್ ಒಳಗೆ ಇರಬೇಕಾದ್ದು, 0.4 ತೋರಿಸಿತು! ಅಂದರೆ ದಿನಕ್ಕೆ 9.6 ಆಂಪ್ ಅವರ್, ನಾಲ್ಕು ದಿನಕ್ಕೆ 38. ಬ್ಯಾಟರಿ ಇರೋದೇ 60, ಸ್ಟಾರ್ಟರ್ ತಿರುಗೋದು ಹೇಗೆ? ಮೊಬೈಲ್ ಆ್ಯಪ್‌ಗೆ ಮಾಹಿತಿ ಕಳಿಸುವ ಪೆಟ್ಟಿಗೆ ಮಲಗುತ್ತಲೇ ಇರಲಿಲ್ಲ. ಏಳನೇ ತಿಂಗಳಿಗೆ ಅದಕ್ಕೆ ಸಾಫ್ಟ್‌ವೇರ್ ಬಂತು, ಅವತ್ತಿಂದ ಇವತ್ತಿನವರೆಗೆ ಒಂದು ದಿನವೂ ಕೈ ಕೊಟ್ಟಿಲ್ಲ. ನನ್ನ ಕೈಯಿಂದ ಒಂದು ರೂಪಾಯಿ ಹೋಗಲಿಲ್ಲ, ಆದರೆ ಟೋ ಗಾಡಿ ಕಾಯುತ್ತಾ ಕಳೆದ ಬೆಳಗ್ಗೆಗಳನ್ನು ಯಾರು ಕೊಡುತ್ತಾರೆ? ಸರ್ವಿಸ್ ಹುಡುಗರದ್ದೂ ತಪ್ಪಲ್ಲ, ಅವರು ಆ ಮಾಡೆಲ್ ನೋಡಿದ್ದೇ ಆಗ.

"ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡರೆ ಮುಗೀತು" ಅನ್ನೋ ಮಾತಿಗೆ ನನ್ನ ಉತ್ತರವೂ ಇದೇ. ವಾರಂಟಿ ದುಡ್ಡು ಉಳಿಸುತ್ತದೆ. ಮಳೆಗಾಲದಲ್ಲಿ ತೋಟದ ಗೇಟಲ್ಲಿ ನಿಂತ ಗಾಡಿಯನ್ನು ಶಿವಮೊಗ್ಗಕ್ಕೆ ಒಯ್ಯೋದಿಲ್ಲ. ಆದರೆ ಹೊಸದನ್ನೇ ತಗೊಂಡರೆ ಅದನ್ನು ಬಿಡಬೇಡಿ, ಅಷ್ಟು ಒಪ್ಪುತ್ತೇನೆ. ಮೊದಲ ಸಾವಿರ ಕಿ.ಮೀ. ನಿಧಾನ ಓಡಿಸಿ ಅಂದ ಚಿಕ್ಕಪ್ಪ, ನೀವು ಹೇಳಿದ್ದು ಸರಿ, ಆದರೆ ಅವರು ಕೇಳಿದ್ದು ಅದಲ್ಲ.

ಊರಲ್ಲೇ ಸರ್ವಿಸ್ ಇದ್ದು, ಮನೆಯಲ್ಲಿ ಎರಡನೇ ಗಾಡಿ ಇದ್ದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಬೇರೆ ಮಾಡೆಲ್‌ನಲ್ಲಿ ಎರಡು ಮೂರು ವರ್ಷ ಓಡಿದ್ದಾಗಿದ್ದರೆ ನಾನೇ ಬುಕ್ ಮಾಡಿ ಅನ್ನುತ್ತಿದ್ದೆ. ಹಳೆ ಗಾಡಿ ರಿಪೇರಿ ಖರ್ಚು ಏರುತ್ತಿದ್ದರೂ ಲೆಕ್ಕ ಬೇರೆ. ನಿಮ್ಮದು ಹಾಗಿಲ್ಲ.

ಶೋರೂಮಲ್ಲಿ ಉಳಿದಿರೋ ಹಳೆ ಮಾಡೆಲ್ ಬಗ್ಗೆ ನಾನು ಇನ್ನೂ ಎರಡು ಮನಸ್ಸಲ್ಲಿದ್ದೇನೆ. ಅದರ ದೋಷಗಳೆಲ್ಲ ಈಗಾಗಲೇ ಗೊತ್ತು, ಬಹುಪಾಲು ಸರಿಯಾಗಿವೆ. ಮುಂದೆ ಮಾರುವಾಗ ಬೆಲೆ ಕಡಿಮೆ ಬರುತ್ತದೆ. ನೀವು ಹತ್ತು ವರ್ಷ ಇಟ್ಟುಕೊಳ್ಳುವವರು, ಹಾಗಾಗಿ ಅದು ದೊಡ್ಡ ನಷ್ಟ ಅಲ್ಲ ಅನ್ನಿಸುತ್ತದೆ. ಆದರೆ ಮೊದಲು ತಯಾರಾದ ತಿಂಗಳು ಕೇಳಿ, ಬಾಯಿಮಾತಿಗೆ ಬಿಡಬೇಡಿ, ಕಾಗದದಲ್ಲಿ ನೋಡಿ, ಆರ್‌ಸಿಯಲ್ಲೂ ಅದೇ ಬರುತ್ತದೆ. ಎಂಟು ಹತ್ತು ತಿಂಗಳು ಯಾರ್ಡಲ್ಲಿ ಬಿಸಿಲಿಗೆ ನಿಂತದ್ದಾದರೆ ಬ್ಯಾಟರಿ ಹೊಸದು ಕೇಳಿ, ಟೈರ್ ಪಕ್ಕದ ನಾಲ್ಕು ಅಂಕಿ ನೋಡಿ, ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ತಯಾರಾದ ವರ್ಷ. ಆ ತಿಂಗಳೂ, ಅವರು ಎಷ್ಟು ಕಡಿಮೆ ಮಾಡುತ್ತಾರೆ ಅನ್ನೋದೂ ಇಲ್ಲಿ ಹಾಕಿ, ನೋಡೋಣ.